ಹಳೆಯ ಲ್ಯಾಪ್‌ಟಾಪ್‌ನಲ್ಲಿ ಡೋಟಾ 2: ಟೀಮ್‌ಫೈಟ್‌ಗಾಗಿ ವ್ಯಾಟ್ ಉಳಿಸಿದ ಬಗೆ

ನನ್ನ ಲ್ಯಾಪ್‌ಟಾಪ್‌ನಲ್ಲಿರುವುದು ಕೋರ್ ಐ5-5200ಯು ಪ್ರೊಸೆಸರ್ ಮತ್ತು ಅದರೊಳಗೇ ಇರುವ ಎಚ್‌ಡಿ 5500 ಗ್ರಾಫಿಕ್ಸ್, ಪರದೆ 1366×768. ಇದರಲ್ಲಿ ಡೋಟಾ 2 ಈಗ ಟೀಮ್‌ಫೈಟ್‌ನ ನಡುವೆಯೂ ಹೆಚ್ಚುಕಡಿಮೆ 40ರಿಂದ 45 ಫ್ರೇಮ್‌ಗಳಲ್ಲಿ ನಿಲ್ಲುತ್ತದೆ. ಫ್ರೇಮ್‌ಗಳಿಗೆ ಮಿತಿ ಹಾಕಿದರೆ ಫ್ರೇಮ್ ಹೆಚ್ಚುತ್ತದೆ ಎಂದು ನಾನು ಹೇಳಿದಾಗ ಜೊತೆಗೆ ಆಡುವವರಲ್ಲಿ ಯಾರೂ ನಂಬಲಿಲ್ಲ. ಈಗ ಅವರಲ್ಲಿ ಇಬ್ಬರು ಇದೇ ವಿಧಾನವನ್ನು ತಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಬಳಸುತ್ತಿರುವುದರಿಂದ ಇದನ್ನು ಬರೆದಿಡುವುದು ಉಪಯುಕ್ತವೆನಿಸಿತು.

ಆರಂಭದಲ್ಲಿ ಎಲ್ಲರಂತೆ ನಾನೂ ಎಲ್ಲ ಆಯ್ಕೆಗಳನ್ನು ಕನಿಷ್ಠಕ್ಕೆ ಇಳಿಸಿದ್ದೆ. ಲೇನ್‌ನಲ್ಲಿ ನಿಂತಿರುವಾಗ 60ಕ್ಕೂ ಹೆಚ್ಚು ಫ್ರೇಮ್ ಬರುತ್ತಿತ್ತು, ಆದರೆ ಹತ್ತು ಹೀರೋಗಳು ಒಂದೆಡೆ ಸೇರಿದೊಡನೆ ಅದು 22-25ಕ್ಕೆ ಕುಸಿಯುತ್ತಿತ್ತು. ರೆಸಲ್ಯೂಷನ್ ಅನ್ನು 1024×768ಕ್ಕೆ ಇಳಿಸಿದಾಗ ಐಟಂಗಳ ಅಕ್ಷರಗಳೂ ಮಿನಿಮ್ಯಾಪ್ ಕೂಡ ಮಸುಕಾದವೇ ಹೊರತು ಜಗಳದ ವೇಳೆಯ ಫ್ರೇಮ್ ಏರಲಿಲ್ಲ. ಬಿಸಿಯೇ ಕಾರಣವಿರಬಹುದೆಂದು ಕೂಲಿಂಗ್ ಪ್ಯಾಡ್ ಕೊಂಡು, ಥರ್ಮಲ್ ಪೇಸ್ಟ್ ಬದಲಿಸಿದೆ. ಉಷ್ಣತೆ ಏಳೆಂಟು ಡಿಗ್ರಿ ಇಳಿಯಿತು, ಫ್ರೇಮ್ ಮಾತ್ರ ಇದ್ದಲ್ಲಿಯೇ ಇತ್ತು. ಆ ಹಣ ಈ ಕೆಲಸದ ಮಟ್ಟಿಗೆ ವ್ಯರ್ಥವಾಯಿತು.

ಉತ್ತರ ಸಿಕ್ಕಿದ್ದು ಚಿಪ್‌ನ ಉಷ್ಣತೆ, ವ್ಯಾಟ್‌ಗಳನ್ನು ದಾಖಲಿಸುವ HWiNFO ತಂತ್ರಾಂಶದ ದಾಖಲೆಯಲ್ಲಿ. ಜಗಳದ ಹೊತ್ತಿನಲ್ಲಿ ಉಷ್ಣತೆ 80 ಡಿಗ್ರಿಯ ಆಸುಪಾಸಿನಲ್ಲಿತ್ತು. ಅದು ಈ ಚಿಪ್ ತನ್ನನ್ನು ತಾನೇ ತಗ್ಗಿಸಿಕೊಳ್ಳುವ ಮಟ್ಟವಲ್ಲ. ಆದರೆ `CPU Package Power` ಸರಿಯಾಗಿ 15 ವ್ಯಾಟ್‌ಗೆ ಅಂಟಿಕೊಂಡಿತ್ತು, 900 ಮೆಗಾಹರ್ಟ್ಸ್‌ವರೆಗೆ ಓಡಬಲ್ಲ ಗ್ರಾಫಿಕ್ಸ್ ಸುಮಾರು 600ಕ್ಕೆ ಇಳಿದಿತ್ತು, `Power Limit Exceeded` ಎಂಬ ಸಾಲಿನಲ್ಲಿ `Yes` ಎಂದಿತ್ತು. ಅಂದರೆ ಸಿಪಿಯು ಮತ್ತು ಗ್ರಾಫಿಕ್ಸ್ ಎರಡೂ ಒಂದೇ 15 ವ್ಯಾಟ್‌ಗಾಗಿ ಪೈಪೋಟಿ ನಡೆಸುತ್ತಿದ್ದವು.

ಈ 15 ವ್ಯಾಟ್ ಪ್ರತಿ ಕ್ಷಣದ ಗಡಿಯಲ್ಲ, ಹಿಂದಿನ ಕೆಲವು ಸೆಕೆಂಡುಗಳ ಬಳಕೆಯ ಸರಾಸರಿಯ ಗಡಿ. ಅಲ್ಲಿಯವರೆಗೆ ಬಳಕೆ ಕಡಿಮೆಯಿದ್ದರೆ, ನನ್ನ ಲ್ಯಾಪ್‌ಟಾಪ್‌ನಲ್ಲಿ ಚಿಪ್ ಸುಮಾರು ಅರ್ಧ ನಿಮಿಷ 25 ವ್ಯಾಟ್‌ವರೆಗೆ ಏರಲು ಅವಕಾಶವಿದೆ. ಮಿತಿಯಿಲ್ಲದೆ ಓಡುವ ಆಟವು ಲೇನ್‌ನ ಶಾಂತ ಹೊತ್ತಿನಲ್ಲೇ 70 ಫ್ರೇಮ್ ಬಿಡಿಸಿ ಈ ಅವಕಾಶವನ್ನೆಲ್ಲ ಮುಗಿಸಿಬಿಡುತ್ತದೆ. ಮಳೆಗಾಲದಲ್ಲೇ ತೂಬು ತೆರೆದಿಟ್ಟ ಕೆರೆಯಂತೆ, ನಿಜವಾಗಿ ಬೇಕಾದಾಗ ಅಲ್ಲಿ ಏನೂ ಉಳಿದಿರುವುದಿಲ್ಲ. ಡೋಟಾದ ಟೀಮ್‌ಫೈಟ್‌ಗಳು ಸಾಮಾನ್ಯವಾಗಿ ಹದಿನೈದು, ಇಪ್ಪತ್ತು ಸೆಕೆಂಡುಗಳಲ್ಲಿ ಮುಗಿಯುವುದರಿಂದ, ಶಾಂತ ಹೊತ್ತಿನಲ್ಲಿ ಬಳಕೆಯನ್ನು ತಗ್ಗಿಸಿದರೆ ಜಗಳದ ಬಹುಭಾಗ ಆ ಹೆಚ್ಚುವರಿ ವ್ಯಾಟ್‌ಗಳಲ್ಲೇ ನಡೆದುಹೋಗುತ್ತದೆ.

ಆದ್ದರಿಂದ ಕನ್ಸೋಲ್‌ನಲ್ಲಿ ಹಾಕಿದ ಮಿತಿ ಇದು:

```
fps_max 48
```

ಇದರ ನಂತರ ಲೇನ್‌ನಲ್ಲಿ ಬಳಕೆ 10-11 ವ್ಯಾಟ್‌ಗೆ ಇಳಿಯಿತು. ಜಗಳ ಆರಂಭವಾದಾಗ 20ರ ಮೇಲೇರಿ, ಗ್ರಾಫಿಕ್ಸ್ 850ಕ್ಕಿಂತ ಕೆಳಗೆ ಬರಲಿಲ್ಲ. ಮಿತಿ ಎಷ್ಟಿರಬೇಕೆಂಬುದು ನಿಮ್ಮ ಚಿಪ್‌ಗೆ ಬಿಟ್ಟದ್ದು. ಶಾಂತ ಹೊತ್ತಿನ ಬಳಕೆ ಗಡಿಗಿಂತ ಮೂರು, ನಾಲ್ಕು ವ್ಯಾಟ್ ಕೆಳಗಿರುವಂತೆ ಮಿತಿಯನ್ನು ಇಳಿಸುತ್ತ ಹೋಗಬೇಕು.

ಇದಕ್ಕೆ ಪೂರಕವಾದ ಆಯ್ಕೆಗಳಲ್ಲಿ ಮುಖ್ಯವಾದದ್ದು `Game Screen Render Quality`. ರೆಸಲ್ಯೂಷನ್ ಇಳಿಸುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ: ಇಲ್ಲಿ ಯುದ್ಧಭೂಮಿ ಮಾತ್ರ ಕಡಿಮೆ ಪಿಕ್ಸೆಲ್‌ಗಳಲ್ಲಿ ಮೂಡುತ್ತದೆ, ಅಕ್ಷರಗಳು ಮತ್ತು ಮಿನಿಮ್ಯಾಪ್ ಪರದೆಯ ಪೂರ್ಣ ಅಳತೆಯಲ್ಲೇ ಉಳಿಯುತ್ತವೆ. 70 ಎಂದು ಇಟ್ಟರೆ ಅಗಲ ಮತ್ತು ಎತ್ತರ ಎರಡೂ 70 ಪ್ರತಿಶತವಾಗಿ, ಬಿಡಿಸಬೇಕಾದ ಪಿಕ್ಸೆಲ್‌ಗಳು ಸುಮಾರು ಅರ್ಧಕ್ಕೆ ಇಳಿಯುತ್ತವೆ. 60ಕ್ಕೆ ಇಳಿಸಿದಾಗ ಕಾಡಿನ ನೆರಳಿನಲ್ಲಿ ನಿಂತ ಹೀರೋನನ್ನು ಗುರುತಿಸುವುದು ಕಷ್ಟವಾಯಿತು, ಆದ್ದರಿಂದ ನಾನು 70ರಲ್ಲೇ ನಿಂತಿದ್ದೇನೆ. ನೆರಳುಗಳು, ಆಂಬಿಯೆಂಟ್ ಅಕ್ಲೂಷನ್, ಹುಲ್ಲು, ನೀರಿನ ಗುಣಮಟ್ಟ ಇವೆಲ್ಲ ಬಂದ್ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಹಲವರು ಗಮನಿಸದೆ ಬಿಡುವುದು ಹೀರೋನ ಭಾವಚಿತ್ರ ಅಲುಗಾಡುವ ಆಯ್ಕೆಯನ್ನು. ಆ ಪುಟ್ಟ ಚೌಕದಲ್ಲಿ ಪ್ರತಿ ಫ್ರೇಮ್‌ಗೂ ಇನ್ನೊಂದು ದೃಶ್ಯ ಬಿಡಿಸಲ್ಪಡುತ್ತಿರುತ್ತದೆ, ಅದನ್ನು ನಿಲ್ಲಿಸಿದಾಗ ನನಗೆ ಎರಡು ಮೂರು ಫ್ರೇಮ್ ಸಿಕ್ಕಿತು. ಟೆಕ್ಸ್ಚರ್ ಅನ್ನು ಮಾತ್ರ ಮಧ್ಯಮದಲ್ಲಿ ಇಟ್ಟಿದ್ದೇನೆ, ಏಕೆಂದರೆ ರ್‍ಯಾಮ್ ಸಾಕಷ್ಟಿದ್ದರೆ ಅದರಿಂದ ವೇಗಕ್ಕೆ ಹೇಳಿಕೊಳ್ಳುವಂಥ ಹೊಡೆತ ಬೀಳುವುದಿಲ್ಲ.

ರ್‍ಯಾಮ್ ವಿಷಯದಲ್ಲಿ ಮಾಡಿದ ಖರ್ಚು ಮಾತ್ರ ಪೂರ್ತಿ ಸಾರ್ಥಕವಾಯಿತು. ಮೊದಲು ಇದ್ದದ್ದು 4 ಜಿಬಿಯ ಒಂದೇ ಸ್ಟಿಕ್. ಗ್ರಾಫಿಕ್ಸ್‌ಗೆ ತನ್ನದೇ ಮೆಮೊರಿ ಇಲ್ಲದ ಕಾರಣ, ಡಿಡಿಆರ್3-1600ರ ಒಂದು ಚಾನೆಲ್‌ನ ಸೆಕೆಂಡಿಗೆ 12.8 ಜಿಬಿಯನ್ನೇ ಸಿಪಿಯು ಜೊತೆ ಹಂಚಿಕೊಳ್ಳಬೇಕಿತ್ತು. ಬಳಸಿದ ಇನ್ನೊಂದು ಸ್ಟಿಕ್ ಕೊಂಡು ಹಾಕಿದ ಮೇಲೆ ಅದು 25.6 ಆಯಿತು, ಜಗಳದ ಫ್ರೇಮ್ ಸುಮಾರು 30ಕ್ಕೆ ಏರಿತು. ಕೂಲಿಂಗ್ ಪ್ಯಾಡ್‌ಗೆ ಕೊಟ್ಟದ್ದಕ್ಕಿಂತ ತುಸು ಮಾತ್ರ ಹೆಚ್ಚಿನ ಹಣಕ್ಕೆ ಇಷ್ಟು ಲಾಭ ಬೇರೆ ಯಾವುದರಿಂದಲೂ ಸಿಗದು. ಕೊಳ್ಳುವಾಗ 1.35 ವೋಲ್ಟ್‌ನ ಡಿಡಿಆರ್3ಎಲ್ ಎಂಬುದನ್ನು ಖಚಿತಪಡಿಸಿಕೊಳ್ಳಿ. ಈ ಪೀಳಿಗೆಯ ಲ್ಯಾಪ್‌ಟಾಪ್‌ಗಳಿಗೆ 1.5 ವೋಲ್ಟ್‌ನದು ಹೊಂದುವುದಿಲ್ಲ.

48 ಎಂಬ ಸಂಖ್ಯೆಯ ಹಿಂದೆಯೂ ಒಂದು ಪ್ರಯೋಗವಿದೆ. 60 ಹರ್ಟ್ಸ್ ಪರದೆಯಲ್ಲಿ 48 ಫ್ರೇಮ್ ಓಡಿಸಿದರೆ ಕೆಲವು ಫ್ರೇಮ್‌ಗಳು ಎರಡು ಸಲ ಕಾಣಿಸಿಕೊಂಡು, ಕ್ಯಾಮೆರಾ ಸರಿಸುವಾಗ ಸಣ್ಣ ನಡುಕ ಬರುತ್ತದೆ. ಇಂಟೆಲ್‌ನ ಗ್ರಾಫಿಕ್ಸ್ ನಿಯಂತ್ರಣದಲ್ಲಿ ಪರದೆಯನ್ನೇ 48 ಹರ್ಟ್ಸ್‌ಗೆ ಇಳಿಸಿದಾಗ ಆ ನಡುಕ ಬಹುಮಟ್ಟಿಗೆ ಹೋಯಿತು. ಎಲ್ಲ ಪ್ಯಾನೆಲ್‌ಗಳೂ ಇದನ್ನು ಒಪ್ಪುವುದಿಲ್ಲ. ಒಪ್ಪದಿದ್ದರೆ ಪರದೆ ಕಪ್ಪಾಗಿ, ಸ್ವಲ್ಪ ಹೊತ್ತಿನಲ್ಲಿ ಹಳೆಯ ಸ್ಥಿತಿಗೆ ಮರಳುತ್ತದೆ. ವೋಲ್ಟೇಜ್ ಇಳಿಸಿಯೂ ನೋಡಿದ್ದೇನೆ, ಅದರಿಂದ ಇನ್ನೂ ಒಂದು ವ್ಯಾಟ್‌ನಷ್ಟು ಉಳಿಯಿತು. ನನ್ನ ಸಂಖ್ಯೆಗಳನ್ನು ಇಲ್ಲಿ ಕೊಡುವುದಿಲ್ಲ, ಅವು ನನ್ನ ಚಿಪ್‌ಗೆ ಹೊಂದಿಸಿ ಕಂಡುಕೊಂಡವು. ಗ್ರಾಫಿಕ್ಸ್ ಮತ್ತು ಸಿಪಿಯು ಎರಡನ್ನೂ ಯಾವ ಕ್ರಮದಲ್ಲಿ ಇಳಿಸಿದೆ ಎಂಬುದನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಪರೀಕ್ಷಿಸುವವರಿಗೆ ಒಂದು ಎಚ್ಚರಿಕೆ. ಪ್ರತಿ ಬದಲಾವಣೆಯನ್ನೂ ಒಂದೇ ರಿಪ್ಲೇಯ ಒಂದೇ ಜಗಳದಲ್ಲಿ ಅಳೆಯಿರಿ, ಆದರೆ ನೇರವಾಗಿ ಆ ಜಾಗಕ್ಕೆ ಹಾರಬೇಡಿ. ಹಾರುವಾಗ ಸಿಪಿಯು ಪೂರ್ಣ ವೇಗದಲ್ಲಿ ಓಡಿ ಉಳಿತಾಯವನ್ನೆಲ್ಲ ತಿಂದುಹಾಕುತ್ತದೆ, ಆಗ ಮಿತಿ ಹಾಕಿದರೂ ಹಾಕದಿದ್ದರೂ ಫಲಿತಾಂಶ ಒಂದೇ ರೀತಿ ಕಾಣುತ್ತದೆ. ನನ್ನನ್ನು ನಂಬದವರು ಅಳೆದದ್ದು ಹೀಗೆಯೇ. ಜಗಳಕ್ಕೆ ಎರಡು ಮೂರು ನಿಮಿಷ ಮೊದಲೇ ನಿಲ್ಲಿಸಿ, ಅಲ್ಲಿಂದ ಸಹಜ ವೇಗದಲ್ಲಿ ಓಡಲು ಬಿಡಬೇಕು.

ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ತಯಾರಕರೇ ಅಲ್ಪಾವಧಿಯ ಗಡಿಯನ್ನೂ 15 ವ್ಯಾಟ್‌ಗೆ ಕಟ್ಟಿಹಾಕಿರುತ್ತಾರೆ. ಮಿತಿ ಹಾಕಿದ ಮೇಲೂ ಜಗಳದಲ್ಲಿ ಬಳಕೆ 15ನ್ನು ದಾಟದಿದ್ದರೆ ನಿಮ್ಮದು ಆ ಬಗೆಯದು, ಉಳಿಸಿದ್ದು ಅಲ್ಲಿ ಕೈಗೆ ಬರುವುದಿಲ್ಲ. ಅಂಥಲ್ಲಿ ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ `Maximum processor state` ಅನ್ನು 99ಕ್ಕೆ ಇಳಿಸಿ ಟರ್ಬೊ ನಿಲ್ಲಿಸಬಹುದು, ಸಿಪಿಯು 2.2 ಗಿಗಾಹರ್ಟ್ಸ್ ದಾಟದೆ, ಉಳಿದ ವ್ಯಾಟ್ ಗ್ರಾಫಿಕ್ಸ್‌ಗೆ ಹೋಗುತ್ತದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಇದರಿಂದ ಜಗಳದ ಫ್ರೇಮ್ 35ರವರೆಗೆ ಬಂತು, ಆದರೆ ಇಲ್ಯೂಷನ್‌ಗಳು ತುಂಬಿದ ಪಂದ್ಯಗಳಲ್ಲಿ ಸಿಪಿಯುವೇ ಹಿಂದೆ ಬಿದ್ದು ಮತ್ತೆ 30ರ ಕೆಳಗೆ ಇಳಿಯಿತು.