ಜರ್ಮನಿಯ ಇಂಟರ್ನ್‌ಶಿಪ್: ವೀಸಾಕ್ಕಿಂತ ಮೊದಲು ಆಗಬೇಕಾದ ಕೆಲಸ

ಕಾಸರಗೋಡಿನ ಮಕ್ಕಳ ಇಂಟರ್ನ್‌ಶಿಪ್ ಕಾಗದಪತ್ರ ನೋಡುವಾಗ ನಾನು ಮೊದಲು ಹಿಡಿಯುವುದು ಪಾಸ್‌ಪೋರ್ಟನ್ನಲ್ಲ, ಕಾಲೇಜಿನ ಪತ್ರವನ್ನು. ಜರ್ಮನಿಗೆ ಹೋಗುವವರ ಮಟ್ಟಿಗೆ ಕೆಲಸದ ಅನುಮತಿ ನಿಂತಿರುವುದೇ ಆ ಒಂದು ಹಾಳೆಯ ಮೇಲೆ.

ಪಾಲಕರು ಮೊದಲು ಕೇಳುವ ಪ್ರಶ್ನೆ, "ಮಾಷ್ಟ್ರೇ, ಸಂಬಳವೇ ಇಲ್ಲದಿದ್ದರೆ ಟೂರಿಸ್ಟ್ ವೀಸಾ ಸಾಕಲ್ಲ?" ಸಾಲದು. ಸಂಬಳ ಕೊಡದಿದ್ದರೂ ಕಂಪೆನಿಯಲ್ಲಿ ಕೂತು ಮಾಡುವುದು ಕೆಲಸವೇ. 90 ದಿನದೊಳಗೆ ಮುಗಿಯುವುದಾದರೆ ಕೆಲಸಕ್ಕೆ ಅನುಮತಿಯಿರುವ ಷೆಂಗೆನ್ ವೀಸಾ ಬೇಕು, ಅದಕ್ಕಿಂತ ಹೆಚ್ಚಾದರೆ ನ್ಯಾಷನಲ್ ವೀಸಾ, ಅಂದರೆ ಡಿ ವೀಸಾ.

ಎರಡಕ್ಕೂ ಮೊದಲು ಅಲ್ಲಿನ ಉದ್ಯೋಗ ಇಲಾಖೆಯ ಒಪ್ಪಿಗೆ ಪತ್ರ ಬರಬೇಕು. ಅದನ್ನು ಕೊಡುವ ವಿಭಾಗವನ್ನು ಝಡ್‌ಎವಿ ಅನ್ನುತ್ತಾರೆ. ಸಾಮಾನ್ಯವಾಗಿ ಅರ್ಜಿ ಹಾಕುವುದು ಅಲ್ಲಿನ ಕಂಪೆನಿ. ಅದಕ್ಕೆ ಬೇಕಾದ ಕಾಲೇಜಿನ ಕಾಗದವನ್ನು ನಾವು ಇಲ್ಲಿಂದ ಕಳಿಸಬೇಕು. ಒಪ್ಪಿಗೆ ಪತ್ರ ಕೈಗೆ ಬಾರದೆ ವೀಸಾ ಕೌಂಟರಿಗೆ ಹೋದರೆ ಕಡತ ಅಪೂರ್ಣ ಅನ್ನಿಸಿಕೊಳ್ಳುತ್ತದೆ. ಹೊರಡುವ ತಿಂಗಳಿಗೆ ನಾಲ್ಕು ತಿಂಗಳ ಮೊದಲೇ ಶುರು ಮಾಡಿಸುವುದು ನನ್ನ ರೂಢಿ.

ಒಪ್ಪಿಗೆ ಸಿಗಲು ಮೂರು ವಿಷಯ ಸರಿ ಇರಬೇಕು. ವಿದ್ಯಾರ್ಥಿ ನಾಲ್ಕು ಸೆಮಿಸ್ಟರ್ ಮುಗಿಸಿರಬೇಕು. ಕೆಲಸ ಓದಿದ ವಿಷಯಕ್ಕೇ ಸಂಬಂಧಿಸಿರಬೇಕು. ಅವಧಿ 12 ತಿಂಗಳು ಮೀರಬಾರದು. ಇದರ ಜೊತೆಗೆ ಹೆಚ್ಚಿನವರು ಗಮನಿಸದ ಇನ್ನೊಂದಿದೆ: ಇಂಟರ್ನ್‌ಶಿಪ್ಪಿನ ಕೊನೇ ದಿನದವರೆಗೂ ಅವರು ವಿದ್ಯಾರ್ಥಿಯಾಗಿಯೇ ಇರಬೇಕು. ಡಿಗ್ರಿ ಮುಗಿದವರಿಗೆ ಈ ದಾರಿ ಇಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಉಪ್ಪಳದಿಂದ ರೈಲಿನಲ್ಲಿ ಮಂಗಳೂರಿಗೆ ಹೋಗಿ ಬರುವ ಮೆಕ್ಯಾನಿಕಲ್ ಇಂಜಿನಿಯರಿಂಗ್ ಹುಡುಗಿ, ಎಂಟನೇ ಸೆಮಿಸ್ಟರಿನಲ್ಲಿ 2026ರ ಫೆಬ್ರವರಿಯಿಂದ ಜುಲೈವರೆಗೆ ಆರು ತಿಂಗಳು, ತಿಂಗಳಿಗೆ 800 ಯೂರೋ. ಮೇಲ್ನೋಟಕ್ಕೆ ಎಲ್ಲ ಸರಿಯಾಗಿದೆ. ಆದರೆ ಫಲಿತಾಂಶ ಜೂನ್‌ನಲ್ಲೇ ಬಂದುಬಿಟ್ಟರೆ ಕೊನೆಯ ವಾರಗಳಲ್ಲಿ ಅವಳು ವಿದ್ಯಾರ್ಥಿನಿಯಲ್ಲ. ಇಂಟರ್ನ್‌ಶಿಪ್ ವರದಿಯ ಮೌಲ್ಯಮಾಪನವಾದ ಮೇಲೆಯೇ ಕೋರ್ಸ್ ಮುಗಿಯುತ್ತದೆ ಎಂಬ ನಿಯಮ ಕಾಲೇಜಿನಲ್ಲಿದ್ದರೆ ಪತ್ರದಲ್ಲಿ ಅದನ್ನು ಬರೆಸಬೇಕು. ಇಲ್ಲದಿದ್ದರೆ ಮೇ ಕೊನೆಗೆ ಮುಗಿಯುವಂತೆ ಒಪ್ಪಂದವನ್ನೇ ತಿದ್ದಿಸುವುದು ಒಳ್ಳೆಯದು.

ಇನ್ನು ಸಂಬಳ. ಸಿಲೆಬಸ್ಸಿನಲ್ಲೇ ಕಡ್ಡಾಯವಾಗಿರುವ ಇಂಟರ್ನ್‌ಶಿಪ್ಪಿಗೆ ಜರ್ಮನಿಯ ಕನಿಷ್ಠ ವೇತನ ಅನ್ವಯಿಸುವುದಿಲ್ಲ. ಸ್ವಂತ ಇಷ್ಟದಿಂದ ಮಾಡುವುದು ಮೂರು ತಿಂಗಳು ಮೀರಿದರೆ ಮೊದಲ ದಿನದಿಂದಲೇ ಅನ್ವಯಿಸುತ್ತದೆ. 2026ರಲ್ಲಿ ಅದು ಗಂಟೆಗೆ 13.90 ಯೂರೋ, ವಾರಕ್ಕೆ 40 ಗಂಟೆಯಂತೆ ತಿಂಗಳಿಗೆ ಸುಮಾರು 2,400. ಅಲ್ಲಿ 800ರ ಒಪ್ಪಂದ ನಿಲ್ಲುವುದಿಲ್ಲ. ಆದ್ದರಿಂದ ಬರೀ "ನಮ್ಮ ವಿದ್ಯಾರ್ಥಿನಿ" ಎಂದು ಹೇಳುವ ಬೋನಫೈಡ್ ಸರ್ಟಿಫಿಕೇಟ್ ನನಗೆ ಸಾಕಾಗುವುದಿಲ್ಲ. ಎಷ್ಟು ಸೆಮಿಸ್ಟರ್ ಮುಗಿದಿದೆ, ಕೋರ್ಸ್ ಯಾವಾಗ ಮುಗಿಯುತ್ತದೆ, ಇಂಟರ್ನ್‌ಶಿಪ್ ಕಡ್ಡಾಯವೋ ಅಲ್ಲವೋ, ಎಷ್ಟು ಕ್ರೆಡಿಟ್, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ, ಇಷ್ಟೂ ಲೆಟರ್‌ಹೆಡ್ಡಿನಲ್ಲಿ, ಪ್ರಿನ್ಸಿಪಾಲರ ಸಹಿ ಸೀಲಿನೊಂದಿಗೆ ಇರಬೇಕು. ಕಡ್ಡಾಯವಲ್ಲದ್ದನ್ನು ಕಡ್ಡಾಯ ಎಂದು ಬರೆಸಲು ಮಾತ್ರ ಹೋಗಬೇಡಿ. ಸಿಲೆಬಸ್ ಪುಟ ಕೇಳಿದರೆ ಕೊಡಲಿಕ್ಕಿರುವುದಿಲ್ಲ.

ಖರ್ಚಿನ ಹಣಕ್ಕೆ ನಾನು ಲೆಕ್ಕ ಹಾಕುವುದು ಮೊದಲೇ ಹಣ ಇಟ್ಟು ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ, ವಿದ್ಯಾರ್ಥಿಗಳ ಬ್ಲಾಕ್ಡ್ ಅಕೌಂಟಿಗೆ 2024ರ ಸೆಪ್ಟೆಂಬರಿನಿಂದ ಇರುವ ದರದಲ್ಲಿ, ತಿಂಗಳಿಗೆ 992 ಯೂರೋ. ಈ ಹುಡುಗಿಗೆ 800 ಪೂರ್ತಿ ಕೈಗೆ ಬಂದರೂ 192 ಕಮ್ಮಿ, ಆರು ತಿಂಗಳಿಗೆ 1,152. ಅಷ್ಟನ್ನು ಬೇರೆಯಾಗಿ ತೋರಿಸಬೇಕು. ಸಂಬಳದಲ್ಲಿ ಏನಾದರೂ ಕಡಿತವಾಗುವುದಿದ್ದರೆ ಅಂತರ ಇನ್ನೂ ಹೆಚ್ಚು.

ನಮ್ಮ ಕಡೆಯ ದೊಡ್ಡ ತಲೆನೋವು ಹೆಸರಿನದ್ದು. ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಹೆಸರಿನ ಮುಂದೆ ಬರೀ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿ ಬರೆದ ಮನೆಹೆಸರು. ಒಪ್ಪಂದ, ಕಾಲೇಜಿನ ಪತ್ರ, ವಿಮೆ ಎಲ್ಲದರಲ್ಲೂ ಪಾಸ್‌ಪೋರ್ಟಿನಲ್ಲಿದ್ದ ಹಾಗೆಯೇ, ಅಕ್ಷರವೂ ತಪ್ಪದೆ ಬರೆಸುತ್ತೇನೆ. ಮನೆ ಕೇರಳದಲ್ಲಿ, ಕಾಲೇಜು ಕರ್ನಾಟಕದಲ್ಲಿ ಎಂಬ ಚಿಂತೆ ಇಲ್ಲಿ ಬೇಡ. ಎರಡೂ ರಾಜ್ಯಗಳು ಬೆಂಗಳೂರಿನ ಜರ್ಮನ್ ಕಾನ್ಸುಲೇಟಿನ ವ್ಯಾಪ್ತಿಗೇ ಬರುತ್ತವೆ. ಡಿ ವೀಸಾದ ಶುಲ್ಕ 75 ಯೂರೋ.

ಪಾಸ್‌ಪೋರ್ಟ್ ವಾಪಸು ಬಂದ ದಿನವೇ ವೀಸಾ ಅಂಟಿಸಿದ ಪುಟ ಓದಬೇಕು. ತಾರೀಕು ಒಪ್ಪಂದದ ಅವಧಿಯನ್ನು ಪೂರ್ತಿ ಒಳಗೊಂಡಿದೆಯೇ, ಷರಾದಲ್ಲಿ ಬರೆದಿರುವ ಕಂಪೆನಿ ಹೆಸರು ಸರಿಯೇ ಎಂದು ನೋಡಿ. ಅನುಮತಿ ಆ ಕಂಪೆನಿಯ ಆ ಇಂಟರ್ನ್‌ಶಿಪ್ಪಿಗೆ ಮಾತ್ರ. ಸಂಜೆ ಹೊಟೇಲಿನಲ್ಲಿ ಕೆಲಸ ಮಾಡಲು ಅದರಲ್ಲಿ ಅವಕಾಶವಿಲ್ಲ. ತಪ್ಪು ಕಂಡರೆ ವಿಮಾನ ಹತ್ತುವ ಮೊದಲೇ ತಿದ್ದಿಸಿ. ಅಲ್ಲಿ ಮನೆ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಮಾಲಿಕರು ಸಹಿ ಹಾಕಿದ ಪತ್ರ ಬೇಕು. ಬಾಡಿಗೆ ಮುಂಗಡ ಕೊಡುವ ಮೊದಲೇ ಆ ಪತ್ರ ಕೊಡುತ್ತಾರೆಯೇ ಎಂದು ಕೇಳಿ.