ಮೊದಲು ಸೇರಿಸಿದೆ, ಆಮೇಲೆ ತೆಗೆದೆ: ಪಿಎಫ್ ಪೆನ್ಶನ್ ಹಣ ಕೈಗೆ ಬಂದ ಕಥೆ

2023ರ ಆಗಸ್ಟ್‌ನಲ್ಲಿ ನನ್ನ ಖಾತೆಗೆ ಪೆನ್ಶನ್ ಪಾಲು ಅಂತ ಒಂದು ಲಕ್ಷದ ಏಳು ಸಾವಿರದ ಹತ್ತಿರ ಬಂತು. ನನಗೆ ಅರುವತ್ತೇಳು ಸಾವಿರಕ್ಕಿಂತ ಜಾಸ್ತಿ ಸಿಗುವುದಿಲ್ಲ ಅಂತ ನಮ್ಮೂರು ಕಾಸರಗೋಡಿನ ಬದಿಯಡ್ಕದ ಎಲ್ಲರೂ ಹೇಳಿದ್ದರು. ಭಾವನಿಗಂತೂ ಈಗಲೂ ಪೂರ್ತಿ ನಂಬಿಕೆ ಬಂದಿಲ್ಲ. ಹಾಗಾಗಿ ಹೇಗಾಯ್ತು ಅಂತ ಬರೆದಿಡುತ್ತಿದ್ದೇನೆ.

ನನ್ನದು ಮೂರು ಕೆಲಸ. ಮೊದಲನೆಯದು ಗಡಿ ದಾಟಿ ಕರ್ನಾಟಕದಲ್ಲಿ, 2015ರಿಂದ ಎರಡು ವರ್ಷ ಮೂರು ತಿಂಗಳು. ಆಗ ಪಿಎಫ್ ಲೆಕ್ಕದ ಸಂಬಳ ಎಂಟು ಸಾವಿರ. ಎರಡನೆಯದು ಎರಡು ವರ್ಷ ಐದು ತಿಂಗಳು, ಬಿಡುವಾಗ ಹನ್ನೊಂದು ಸಾವಿರ. ಮೂರನೆಯದೂ ಎರಡು ವರ್ಷ ಐದು ತಿಂಗಳು. ಅಲ್ಲಿ ಬೇಸಿಕ್ ಹದಿನೇಳು ಇದ್ದರೂ ಪೆನ್ಶನ್‌ಗೆ ಹಿಡಿಯುವುದು ಹದಿನೈದು ಸಾವಿರ ಮಾತ್ರ. ಅಪ್ಪನಿಗೆ ತೋಟ ನೋಡಲು ಆಗದೆ ಹೋದಾಗ, 2023ರ ಮಾರ್ಚ್‌ನಲ್ಲಿ ಬಿಟ್ಟು ಬಂದೆ.

ನಮ್ಮ ಕಡೆಯ ಏಜೆಂಟರೊಬ್ಬರು ಆರು ಸಾವಿರ ಕೇಳಿದರು. "ಮೂರನ್ನೂ ಬೇರೆ ಬೇರೆ ಕ್ಲೈಮ್ ಮಾಡುವ, ಸೇರಿಸಲಿಕ್ಕೆ ಹೋದ್ರೆ ವರ್ಷಗಟ್ಟಲೆ ತಲೆಬಿಸಿ ಮಾರಾಯ್ರೆ" ಅಂದರು. ಹಣ ಹೋಗುತ್ತಿದ್ದದ್ದು ಅಲ್ಲೇ.

ಪಾಸ್‌ಬುಕ್‌ನ ಪೆನ್ಶನ್ ಕಾಲಂ ನೋಡಿ ಅಷ್ಟೇ ಸಿಗುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಆ ಕಾಲಂಗೆ ಬಡ್ಡಿಯೂ ಇಲ್ಲ, ಪೆನ್ಶನ್ ಪಾಲು ತೆಗೆಯಲು ಹಾಕುವ 10ಸಿ ಫಾರ್ಮಿನ ಹಣ ಅದನ್ನು ಕೂಡಿಸಿ ಕೊಡುವುದೂ ಅಲ್ಲ. ಕೊಡುವುದು ಟೇಬಲ್ ಡಿ ಪ್ರಕಾರ: ಬಿಡುವಾಗಿನ ಸಂಬಳವನ್ನು ಸರ್ವೀಸಿನ ವರ್ಷಕ್ಕೆ ಇರುವ ಅಂಕಿಯಿಂದ ಗುಣಿಸುತ್ತಾರೆ. ನಾನು ತೆಗೆದಾಗ ಎರಡು ವರ್ಷಕ್ಕೆ 1.99, ಏಳು ವರ್ಷಕ್ಕೆ 7.13 ಇತ್ತು. ಆಗ ಆರು ತಿಂಗಳಿಗಿಂತ ಕಡಿಮೆ ಉಳಿದರೆ ಆ ತಿಂಗಳುಗಳು ಹಾಳಾಗುತ್ತಿದ್ದವು.

ಬೇರೆ ಬೇರೆ ತೆಗೆದಿದ್ದರೆ ಮೂರೂ ಕೆಲಸ ಎರಡೆರಡು ವರ್ಷ ಅಂತ ಆಗುತ್ತಿತ್ತು. ಎಂಟು ಸಾವಿರಕ್ಕೆ 15,920, ಹನ್ನೊಂದಕ್ಕೆ 21,890, ಹದಿನೈದಕ್ಕೆ 29,850. ಒಟ್ಟು 67,660. ಸೇರಿಸಿದಾಗ ಆದದ್ದು ಬೇರೆ. ಉಳಿಕೆ ಮೂರು, ಐದು, ಐದು ತಿಂಗಳು ಕೂಡಿ ಇನ್ನೊಂದು ವರ್ಷ ಹುಟ್ಟಿತು. ಏಳು ವರ್ಷ. ಅದಕ್ಕಿಂತ ದೊಡ್ಡದು, ಎಂಟು ಸಾವಿರದ ಕಾಲದ ವರ್ಷಗಳಿಗೂ ಹದಿನೈದು ಸಾವಿರದ ಲೆಕ್ಕವೇ ಸಿಕ್ಕಿತು. 15,000ವನ್ನು 7.13ರಿಂದ ಗುಣಿಸಿದರೆ 1,06,950. ಮೂರೂ ಪಾಸ್‌ಬುಕ್‌ನಲ್ಲಿ ಪೆನ್ಶನ್‌ಗೆ ಕಟ್ಟಿದ್ದೇ ಎಂಬತ್ತು ಸಾವಿರದಷ್ಟು. ಅದಕ್ಕಿಂತಲೂ ಜಾಸ್ತಿ ಬಂತು.

ಆದರೆ ಸೇರಿಸುವುದು ಸುಲಭವಾಗಲಿಲ್ಲ. ಎರಡನೆಯದು ಮತ್ತು ಮೂರನೆಯದು ಒಂದೇ ಯುಎಎನ್, ಅಂದರೆ ಒಂದೇ ಪಿಎಫ್ ಸದಸ್ಯ ನಂಬರಿನಲ್ಲಿದ್ದವು, ಹಣ ತಾನಾಗಿಯೇ ಬಂದಿತ್ತು. ಮೊದಲನೆಯದಕ್ಕೆ ಬೇರೆಯೇ ಯುಎಎನ್. ಅದರಲ್ಲಿ ನನ್ನ ಹೆಸರೂ ಬೇರೆ. ನಮ್ಮ ಕಾಸರಗೋಡಿನಲ್ಲಿ ಹೆಸರಿನ ಹಿಂದೆ ಒಂದಕ್ಷರ ಇನಿಷಿಯಲ್ ಹಾಕುತ್ತೇವೆ ಅಲ್ವಾ, ಆಧಾರಿನಲ್ಲೂ ಹಾಗೆಯೇ. ಆ ಕಂಪನಿಯವರು ಅಕ್ಷರವನ್ನು ಬಿಡಿಸಿ ಮನೆಹೆಸರು ಪೂರ್ತಿ ಬರೆದಿದ್ದರು. ಹೆಸರು ಹೊಂದದೆ ಆಧಾರ್ ಕೂಡಲಿಲ್ಲ. ಆಧಾರ್ ಇಲ್ಲದೆ, ಕೆಲಸ ಬಿಟ್ಟ ದಿನಾಂಕ ನಾವೇ ಹಾಕುವ `Mark Exit` ನನ್ನ ಕೈಯಿಂದ ಆಗಲಿಲ್ಲ. ಬಿಟ್ಟ ದಿನಾಂಕ ಇಲ್ಲದ ಕಾರಣ ಟ್ರಾನ್ಸ್‌ಫರ್ ರಿಕ್ವೆಸ್ಟ್ ಎರಡು ಸಲ ವಾಪಸ್ಸು.

2022ರ ಮಳೆಗಾಲದಲ್ಲಿ ನಾನೂ ಕಂಪನಿಯೂ ಸಹಿ ಹಾಕಿ ತಿದ್ದುಪಡಿ ಕೇಳುವ ಜಾಯಿಂಟ್ ಡಿಕ್ಲರೇಶನ್ ಕಾಗದ ಹಿಡಿದು ಆ ಕಂಪನಿಗೆ ನಾಲ್ಕು ಸಲ ಬಸ್ಸಿನಲ್ಲಿ ಹೋದೆ. ಮೊದಲ ಸಲ ಹೆಸರಿನ ತಿದ್ದುಪಡಿ ಮಾತ್ರ ಬರೆದುಕೊಂಡು ಹೋಗಿದ್ದೆ. ದಿನಾಂಕಕ್ಕೆ ಮತ್ತೆ ಬನ್ನಿ ಅಂದರು. ಹೆಸರು, ತಂದೆ ಹೆಸರು, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ ಎಲ್ಲಾ ಒಂದೇ ಕಾಗದದಲ್ಲಿ ಬರೆಯಬೇಕಿತ್ತು. ಕೊನೆಗೆ ಅವರ ಕ್ಲರ್ಕ್ ಹೇಗೆ ಒಂದೇ ವಾರದಲ್ಲಿ ಸಹಿ ಹಾಕಿಸಿ ಕೊಟ್ಟರು ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಲಂಚ ಅಲ್ಲ, ಅಷ್ಟು ಹೇಳಬಲ್ಲೆ.

ಇದೆಲ್ಲ ಮಾಡಿದ್ದು ಮೂರನೆಯ ಕೆಲಸದಲ್ಲಿ ಇರುವಾಗಲೇ. ಅದೇ ನನ್ನನ್ನು ಉಳಿಸಿದ್ದು. ಕೆಲಸ ಬಿಟ್ಟು, ಅಲ್ಲೂ ಬಿಟ್ಟ ದಿನಾಂಕ ಬಿದ್ದ ಮೇಲೆ ಹಳೆಯದನ್ನು ಅದಕ್ಕೆ ಎಳೆದುಕೊಳ್ಳುವುದು ತುಂಬಾ ಕಷ್ಟ. ಫೆಬ್ರವರಿಯಲ್ಲಿ ಹಳೆಯ ಯುಎಎನ್‌ನ ಹಣ ಹೊಸದಕ್ಕೆ ಬಂತು.

ಬಂದ ದಿನ ರಾತ್ರಿ ಪಾಸ್‌ಬುಕ್ ತೆರೆದರೆ ಎದೆ ಧಸಕ್ ಅಂತು. ನನ್ನ ಪಾಲು, ಕಂಪನಿಯ ಪಾಲು ಎರಡೂ ಇವೆ, ಪೆನ್ಶನ್ ಕಾಲಂನಲ್ಲಿ ಸೊನ್ನೆ. "ಹೇಳಿದ್ದೆ ಅಲ್ವಾ, ಪೆನ್ಶನ್ ಹಣ ಮುಳುಗಿತು" ಅಂದ ಭಾವ. ಮುಳುಗಿರಲಿಲ್ಲ. ಟ್ರಾನ್ಸ್‌ಫರ್‌ನಲ್ಲಿ ಪೆನ್ಶನ್‌ನ ಹಣ ದಾಟುವುದಿಲ್ಲ, ಸರ್ವೀಸು ಮಾತ್ರ ದಾಟುತ್ತದೆ. ಅದು ಇರುವುದು ಅನೆಕ್ಸರ್ ಕೆ ಅನ್ನುವ ಕಾಗದದಲ್ಲಿ. ಹಳೆಯ ಪಿಎಫ್ ಆಫೀಸು ಹೊಸ ಆಫೀಸಿಗೆ ಕಳಿಸುವ ಆ ಕಾಗದದಲ್ಲಿ ಸೇರಿದ ದಿನ, ಬಿಟ್ಟ ದಿನ, ಸಂಬಳ ಎಲ್ಲಾ ಇರುತ್ತದೆ. ಪಾಸ್‌ಬುಕ್‌ನ ಸೊನ್ನೆಗೆ ಹೆದರದೆ `Service History` ನೋಡಬೇಕು. ಮೂರೂ ಕೆಲಸ ಮತ್ತು ದಿನಾಂಕಗಳು ಅಲ್ಲಿ ಸರಿಯಾಗಿವೆಯಾ ಅನ್ನುವುದು ಮುಖ್ಯ.

ಜೂನ್‌ನಲ್ಲಿ, ಕೆಲಸ ಬಿಟ್ಟು ಕಾಯಬೇಕಿದ್ದ ಎರಡು ತಿಂಗಳು ಕಳೆದ ಮೇಲೆ, ಪಿಎಫ್ ಹಣಕ್ಕೆ ಫಾರ್ಮ್ 19, ಪೆನ್ಶನ್ ಪಾಲಿಗೆ 10ಸಿ ಹಾಕಿದೆ. ಎರಡೂ ವಾಪಸ್ಸು. ಕಾರಣ ಐಎಫ್‌ಎಸ್‌ಸಿ. ನನ್ನದು ಹಳೆಯ ವಿಜಯಾ ಬ್ಯಾಂಕಿನ ಖಾತೆ. 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿದ ಮೇಲೆ ಕೋಡ್ ಬದಲಾಗಿತ್ತು, ನಾನು ಕೆವೈಸಿಯಲ್ಲಿ ಬದಲಿಸಿರಲಿಲ್ಲ. ನಮ್ಮಲ್ಲಿ ಸಿಂಡಿಕೇಟ್, ಕಾರ್ಪೊರೇಶನ್ ಬ್ಯಾಂಕುಗಳ ಹಳೆಯ ಖಾತೆ ಇಟ್ಟವರೂ ಬೇಕಾದಷ್ಟು ಜನ ಇದ್ದಾರೆ, ಅವರೂ ಇದನ್ನು ಮೊದಲೇ ನೋಡಿಕೊಳ್ಳಲಿ. ಹೊಸ ಕೋಡನ್ನು ಕಂಪನಿಯವರು ಒಪ್ಪಿದ ಮೇಲೆ 19ರ ಹಣ ಬಂತು, ಎರಡು ಲಕ್ಷದ ಆಸುಪಾಸು. ಸರ್ವೀಸು ಸೇರಿ ಐದು ವರ್ಷ ದಾಟಿದ್ದರಿಂದ ಟಿಡಿಎಸ್ ಕಡಿಯಲಿಲ್ಲ. 10ಸಿ ಮಾತ್ರ ಮತ್ತೆ ವಾಪಸ್ಸು: ಅನೆಕ್ಸರ್ ಕೆ ಸಿಕ್ಕಿಲ್ಲವಂತೆ.

ಆಗ epfigms.gov.in ನಲ್ಲಿ ದೂರು ಹಾಕಿದೆ. ಸುಮ್ನೆ "ಹಣ ಬಂದಿಲ್ಲ" ಅಂತ ಬರೆದರೆ ಸಿದ್ಧ ಉತ್ತರ ಬರುತ್ತದೆ. ಹಳೆಯ ಮೆಂಬರ್ ಐಡಿ, ಹೊಸ ಐಡಿ, ಟ್ರಾನ್ಸ್‌ಫರ್ ಆದ ದಿನಾಂಕ ಕೊಟ್ಟು, ಅನೆಕ್ಸರ್ ಕೆ ಕಳಿಸಿ ಅಂತ ಒಂದೇ ವಿಷಯ ಕೇಳಿದೆ. ಹಳೆಯ ಆಫೀಸಿಗೆ ಒಂದು, ಹೊಸ ಆಫೀಸಿಗೆ ಒಂದು, ಎರಡು ದೂರು. ಮೂರು ವಾರದಲ್ಲಿ ಕಾಗದ ತಲುಪಿತು. ಮತ್ತೆ 10ಸಿ ಹಾಕಿದೆ, ಹನ್ನೆರಡೋ ಹದಿಮೂರೋ ದಿನಕ್ಕೆ ಹಣ. ಬಸ್ಸು, ಜೆರಾಕ್ಸು, ಊಟ ಎಲ್ಲಾ ಸೇರಿ ಖರ್ಚು ಸಾವಿರದ ಇನ್ನೂರು.

ಈಗ ಟೇಬಲ್ ಡಿ ಬದಲಾಗಿದೆ. 2024ರ ಜೂನ್‌ನಿಂದ ತಿಂಗಳನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಹಾಗಾಗಿ ಉಳಿಕೆ ತಿಂಗಳ ಲಾಭ ಮೊದಲಿನಷ್ಟಿಲ್ಲ, ಕೊನೆಯ ಸಂಬಳದ ಲಾಭ ಹಾಗೇ ಇದೆ. ಕಾಯುವ ಸಮಯವನ್ನು ಪಿಎಫ್‌ಗೆ 12 ತಿಂಗಳು, ಪೆನ್ಶನ್‌ಗೆ 36 ತಿಂಗಳು ಮಾಡುವ ತೀರ್ಮಾನ 2025ರ ಅಕ್ಟೋಬರ್‌ನಲ್ಲಿ ಆಗಿದೆ. ಬಿಡುವ ಮೊದಲು ಅದನ್ನೂ ನೋಡಿಕೊಳ್ಳಿ.

ನನ್ನದು ಆದ ಮೇಲೆ ಭಾವನದ್ದನ್ನೂ ಕೈಗೆತ್ತಿಕೊಂಡೆ. ಅವನದ್ದು ಎರಡು ಕೆಲಸ, ಸೇರಿಸಿದರೆ ಒಂಬತ್ತು ವರ್ಷ ಎಂಟು ತಿಂಗಳು. ಕೂಡಿಸಿ ನೋಡಿ ಅಲ್ಲೇ ನಿಲ್ಲಿಸಿದೆ. ಒಂಬತ್ತೂವರೆ ದಾಟಿದರೆ ಹತ್ತು ಅಂತಲೇ ಹಿಡಿಯುತ್ತಾರೆ, ಹತ್ತಾದರೆ 10ಸಿಯಲ್ಲಿ ಹಣ ಇಲ್ಲ, ತಿಂಗಳ ಪೆನ್ಶನ್ ಮಾತ್ರ. ಅದು ಪೂರ್ತಿ ಸಿಗುವುದು 58ಕ್ಕೆ, 50 ಆದ ಮೇಲೆ ಬೇಕೆಂದರೆ ಕಡಿಮೆ ಮಾಡಿ ಕೊಡುತ್ತಾರೆ. ಅವನಿಗೆ ಈಗ 41. ಹಣ ಬೇಕಾ, ಪೆನ್ಶನ್ ಬೇಕಾ ಅಂತ ಅಕ್ಕನ ಹತ್ತಿರ ಕೂತು ಮಾತಾಡಲು ಹೇಳಿದ್ದೇನೆ. ಇನ್ನೂ ಉತ್ತರ ಬಂದಿಲ್ಲ, ಹಾಗಾಗಿ ಟ್ರಾನ್ಸ್‌ಫರ್ ಅರ್ಜಿ ಹಾಕಿಲ್ಲ.