ಬನ್ ಓವನ್‌ಗೆ ಪೂರ್ಣಾಂಕದಲ್ಲೇ ಪಿಐಡಿ ಬರೆದದ್ದು

ಉಡುಪಿ ಹತ್ತಿರ ನಮ್ಮ ಭಾವನದ್ದೊಂದು ಸಣ್ಣ ಬೇಕರಿ ಇದೆ. ಅಲ್ಲಿಯ 3 ಕಿಲೋವ್ಯಾಟ್ ಓವನ್‌ನ ಹಳೆ ಥರ್ಮೋಸ್ಟಾಟ್ ಒಮ್ಮೆ 180, ಒಮ್ಮೆ 220 ಅಂತ ತೂಗಾಡುತ್ತಿತ್ತು. "ಮಾರಾಯಾ, ಬನ್ನಿನ ಅಡಿ ಕಪ್ಪಾಗ್ತದೆ, ಒಳಗೆ ಹಸಿ ಉಳೀತದೆ" ಅಂದರು ಭಾವ. ನನ್ನ ಬಳಿ ಒಂದು ATmega8 ಮೈಕ್ರೋಕಂಟ್ರೋಲರ್ ಚಿಪ್ ಇತ್ತು. ಅದರಲ್ಲಿ ಇರುವುದೇ 8 ಕೆಬಿ ಜಾಗ, ಡಿಸ್‌ಪ್ಲೇ ಕೋಡೇ ಅರ್ಧ ತಿಂದಿತ್ತು. ದಶಮಾಂಶದ ಲೆಕ್ಕ ಬಿಟ್ಟು ಪೂರ್ಣಾಂಕದಲ್ಲೇ ಪಿಐಡಿ ಬರೆಯೋಣ ಅಂದುಕೊಂಡೆ. ಪಿಐಡಿ ಅಂದರೆ ಹೀಟರ್ ಎಷ್ಟು ಆನ್ ಇರಬೇಕೆಂದು ಮೂರು ಭಾಗ ಕೂಡಿಸಿ ಹೇಳುವ ಲೆಕ್ಕ: ಪಿ ಈಗಿನ ಕೊರತೆಗೆ, ಐ ಇಲ್ಲಿತನಕ ಕೂಡಿದ ಕೊರತೆಗೆ, ಡಿ ಶಾಖ ಬದಲಾಗುವ ವೇಗಕ್ಕೆ.

ಶಾಖ ಅಳೆಯುವ ಕೆ-ಟೈಪ್ ಥರ್ಮೋಕಪಲ್‌ಗೆ MAX6675 ಚಿಪ್ ಹಾಕಿದೆ. ಅದು ಕಾಲು ಡಿಗ್ರಿಗೆ ಒಂದು ಎಣಿಕೆ ಕೊಡುತ್ತದೆ. ಹಾಗಾಗಿ ನಮ್ಮ ಗುರಿ 200 ಡಿಗ್ರಿ ಅಂದರೆ ಪ್ರೋಗ್ರಾಂ ಒಳಗೆ 800. ಹೀಟರ್ ಆನ್-ಆಫ್ ಆಗುವುದು ಎಸ್‌ಎಸ್‌ಆರ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಮೂಲಕ. ನಮ್ಮ ಕರೆಂಟು 50 ಹರ್ಟ್ಸ್, 2 ಸೆಕೆಂಡಿಗೆ ಸರಿಯಾಗಿ 100 ಆವರ್ತ. ಅದರಲ್ಲಿ ಎಷ್ಟು ಆವರ್ತ ಆನ್ ಇರಬೇಕು ಅನ್ನೋದೇ ಔಟ್‌ಪುಟ್, 0ಯಿಂದ 100. ಎಸ್‌ಎಸ್‌ಆರ್ ಕೆಟ್ಟರೆ ಸಾಮಾನ್ಯವಾಗಿ ಆನ್ ಆಗಿಯೇ ಉಳಿಯುತ್ತದೆ. ಅದಕ್ಕೆ ಸರಣಿಯಲ್ಲಿ ಬೇರೆಯೇ ಒಂದು ಥರ್ಮಲ್ ಕಟ್‌ಔಟ್ ಇಟ್ಟೆ. ಇದನ್ನು ಮಾತ್ರ ಯಾರೂ ಬಿಡಬೇಡಿ.

ಮೊದಲು ಓವನ್ನಿನ ಸ್ವಭಾವ ಅಳೆದೆ. ಔಟ್‌ಪುಟ್ 30ಕ್ಕೆ ಕಟ್ಟಿ ಬಿಟ್ಟಾಗ 180 ಡಿಗ್ರಿಯಲ್ಲಿ ನಿಂತಿತು. ಆಮೇಲೆ 40 ಮಾಡಿದೆ. ಮೊದಲ 40 ಸೆಕೆಂಡು ಏನೂ ಆಗಲಿಲ್ಲ, ನಂತರ ನಿಮಿಷಕ್ಕೆ ಎರಡೂವರೆ ಡಿಗ್ರಿ ಏರತೊಡಗಿತು. ಅಂದರೆ ಔಟ್‌ಪುಟ್ 1 ಹೆಚ್ಚಿಸಿದರೆ ಸೆಕೆಂಡಿಗೆ ಸುಮಾರು 0.0042 ಡಿಗ್ರಿ. ತಡದ ಎರಡು ಪಟ್ಟು, 80 ಸೆಕೆಂಡನ್ನು, ಇದರಿಂದ ಗುಣಿಸಿ, ಬಂದದ್ದರಿಂದ 1ನ್ನು ಭಾಗಿಸಿದೆ: ಡಿಗ್ರಿಗೆ 3. ಅದು ಪಿ. ಐ ಸಮಯ ಆ 80ರ ನಾಲ್ಕು ಪಟ್ಟು, 320 ಸೆಕೆಂಡು. 1942ರ ಝೀಗ್ಲರ್-ನಿಕೋಲ್ಸ್ ಸೂತ್ರ ಹಿಡಿದರೆ ಪಿ 7 ದಾಟುತ್ತದೆ. ಬನ್ನಿಗೆ ಅಷ್ಟು ಅವಸರ ಬೇಡ ಅನಿಸಿತು.

ಈ ಸಂಖ್ಯೆಗಳನ್ನು ಪೂರ್ಣಾಂಕ ಮಾಡಲು 4096ರಿಂದ ಗುಣಿಸಿ ಇಟ್ಟುಕೊಂಡೆ. ಕಾಲು ಡಿಗ್ರಿ ಎಣಿಕೆಗೆ ಪಿ 3072, 2 ಸೆಕೆಂಡಿನ ಸುತ್ತಿಗೆ ಐ 19. ಸುಮ್ನೆ 256ರಿಂದ ಗುಣಿಸಿದ್ದರೆ ಐ ಬರೀ 1 ಆಗುತ್ತಿತ್ತು, ಅದನ್ನು ಹೊಂದಿಸಲು ಜಾಗವೇ ಇರುತ್ತಿರಲಿಲ್ಲ.

ಆದರೂ ಮೊದಲ ಸಲ, ಆಗಲೇ 180ರಷ್ಟು ಬಿಸಿಯಿದ್ದ ಓವನ್ 189ರಲ್ಲಿ ನಿಂತುಬಿಟ್ಟಿತು. ಅರ್ಧ ಗಂಟೆ ಕಾದರೂ ಮೇಲೇರಲಿಲ್ಲ. ಐ ಇದ್ದೂ ಇಲ್ಲದಂತೆ! ಪ್ರತಿ ಸುತ್ತಿನಲ್ಲೂ 19*e/4096 ಮಾಡಿ ಆಮೇಲೆ ಕೂಡುತ್ತಿದ್ದೆ; e ಅಂದರೆ ಎಣಿಕೆಯಲ್ಲಿ ಕೊರತೆ. ಪೂರ್ಣಾಂಕ ಭಾಗಾಕಾರದಲ್ಲಿ ಇದು ಸೊನ್ನೆ ಆಗದಿರಲು e ಕನಿಷ್ಠ 216 ಇರಬೇಕು, ಅಂದರೆ 54 ಡಿಗ್ರಿ ವ್ಯತ್ಯಾಸ. 11 ಡಿಗ್ರಿ ಕೊರತೆ ಅದರ ಕಣ್ಣಿಗೇ ಬೀಳುತ್ತಿರಲಿಲ್ಲ. ಪರಿಹಾರ ಸರಳ: ಭಾಗಿಸದೆ 32 ಬಿಟ್‌ನಲ್ಲಿ ಕೂಡುತ್ತಾ ಹೋಗಿ, ಕೊನೆಯಲ್ಲಿ ಒಮ್ಮೆ ಭಾಗಿಸಬೇಕು.

ಹಾಗೆ ಮಾಡಿದ್ದೇ ತಡ, ಉಲ್ಟಾ ಆಯಿತು. 200 ದಾಟಿದ ಮೇಲೂ ಹೀಟರ್ ಪೂರ್ತಿ ಆನ್. ಎರಡೂವರೆ ನಿಮಿಷದಲ್ಲಿ 240. ನಾನೇ ಸ್ವಿಚ್ ಆಫ್ ಮಾಡಿದೆ. 30 ಡಿಗ್ರಿಯಿಂದ 200ಕ್ಕೆ ಬಿಸಿಯಾಗಲು ಎಂಟೂವರೆ ನಿಮಿಷ, ಸುಮಾರು 250 ಸುತ್ತು. ಅಷ್ಟೂ ಹೊತ್ತು ಸರಾಸರಿ 90 ಡಿಗ್ರಿ ಕೊರತೆ ಕೂಡುತ್ತಾ ಹೋಗಿ ಐ ಒಂದೇ 400 ದಾಟಿತ್ತು. 200ರಲ್ಲಿ ನಿಲ್ಲಲು ಬೇಕಿದ್ದದ್ದು ಬರೀ 34.

ಐಗೆ 0–100ರ ಬೇಲಿ ಹಾಕಿದೆ. ಆದರೂ 217ರ ತನಕ ಹೋಯಿತು. ಯಾಕೆಂದರೆ 200 ಮುಟ್ಟುವಾಗಲೂ ಐ 100ರಲ್ಲೇ ಕೂತಿರುತ್ತದೆ, ಅದು 34ಕ್ಕೆ ಇಳಿಯಲು ಕೆಲವು ನಿಮಿಷ ಬೇಕು. ಬೇಲಿ ಮಾತ್ರ ಸಾಲದು. ಔಟ್‌ಪುಟ್ ತುದಿ ಮುಟ್ಟಿರುವಾಗ ಅದೇ ದಿಕ್ಕಿಗೆ ಕೂಡುವುದನ್ನೇ ನಿಲ್ಲಿಸಬೇಕು. ಹಾಗೆ ಮಾಡಿದಾಗ ಕೊರತೆ 33 ಡಿಗ್ರಿಗೆ ಇಳಿದ ಮೇಲಷ್ಟೇ ಐ ಕೂಡಲು ಶುರು ಮಾಡಿತು. ಓವನ್ 204ಕ್ಕೆ ಹೋಗಿ ಇಳಿಯಿತು.

ಕೊನೆಗೆ ಡಿ. ಕೊರತೆಯ ಮೇಲಲ್ಲ, ಅಳೆದ ಶಾಖದ ಮೇಲೆ ಹಾಕಿದೆ. ಗುರಿ ಬದಲಿಸಿದಾಗ ಡಿಯಿಂದಾಗಿ ಔಟ್‌ಪುಟ್ ಜಿಗಿಯುವುದಿಲ್ಲ. ಒಂದೇ ಸುತ್ತಿನ ವ್ಯತ್ಯಾಸ ತೆಗೆದುಕೊಂಡರೆ ಒಂದು ಎಣಿಕೆ ಅಲುಗಿದರೂ ಔಟ್‌ಪುಟ್ 7ಕ್ಕಿಂತ ಜಾಸ್ತಿ ಕುಣಿಯುತ್ತದೆ. ಅದಕ್ಕೆ 8 ಸುತ್ತು ಹಿಂದಿನ ಅಳತೆಯ ಜೊತೆ ಹೋಲಿಸಿದೆ.

```c
int16_t e = sp - t;
int32_t u = 3072L * e + acc
          - 3840L * (t - t8);
if (!((u > UMAX && e > 0) || (u < 0 && e < 0)))
    acc += 19L * e;
if (acc > UMAX) acc = UMAX;
if (acc < 0) acc = 0;
if (u > UMAX) u = UMAX;
if (u < 0) u = 0;
out = u / 4096;
```

ಇಲ್ಲಿ sp ಅಂದರೆ ಗುರಿ, t ಈಗಿನ ಅಳತೆ, acc ಐ ಕೂಡಿಟ್ಟ ಮೊತ್ತ, UMAX ಅಂದರೆ 409600, t8 ಅಂದರೆ 16 ಸೆಕೆಂಡು ಹಿಂದಿನ ಅಳತೆ. ಆ L ಮರೆತರೆ ಈ ಚಿಪ್‌ನಲ್ಲಿ ಗುಣಾಕಾರ 16 ಬಿಟ್‌ನಲ್ಲೇ ನಡೆದು ಉತ್ತರ ಅಡ್ಡಾದಿಡ್ಡಿ ಬರುತ್ತದೆ. ಕೊರತೆ 11 ಎಣಿಕೆ ಆದರೆ ಸಾಕು, 3072ರಿಂದ ಗುಣಿಸಿದಾಗ 32767 ದಾಟುತ್ತದೆ.

ಈಗ ಭಾವ ಟ್ರೇ ಇಡಲು ಬಾಗಿಲು ತೆಗೆದಾಗ 160ರ ಹತ್ತಿರ ಇಳಿಯುತ್ತದೆ. ಹೀಟರ್ ಪೂರ್ತಿ ಆನ್ ಆಗುತ್ತದೆ, ಆ ಹೊತ್ತಿಗೆ ಐ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಬಾಗಿಲು ಮುಚ್ಚಿದ ಮೇಲೆ ಮಿತಿ ಮೀರಿ ಏರುವುದಿಲ್ಲ. ಸಂಜೆ ವೋಲ್ಟೇಜ್ 230ರಿಂದ 200ಕ್ಕೆ ಇಳಿದರೆ ಹೀಟರಿನ ಶಕ್ತಿ ಮುಕ್ಕಾಲಾಗುತ್ತದೆ ಅಲ್ವಾ? ಆಗ ಐ ನಿಧಾನಕ್ಕೆ 34ರಿಂದ 45ರ ಕಡೆಗೆ ಏರಿಕೊಳ್ಳುತ್ತದೆ, ಭಾವ ಗುಂಡಿ ಮುಟ್ಟಬೇಕಾಗಿಲ್ಲ.